ರೈಲು ಟಿಕೆಟ್‌ಗೂ ಜುಗಾಡ್ ಅನ್ನುವುದೇಕೆ

“ಜುಗಾಡ್ ಅಂದ್ರೆ ಕಡಿಮೆ ದುಡ್ಡಲ್ಲಿ, ಕೈಗೆ ಸಿಕ್ಕಿದ್ದರಲ್ಲೇ ಏನಾದ್ರೂ ಮಾಡಿ ಕೆಲಸ ಸಾಗಿಸೋದು ತಾನೆ? ಮತ್ತೆ ದೆಹಲಿಯವರು ರೈಲು ಟಿಕೆಟ್‌ಗೂ ಜುಗಾಡ್ ಅಂತಾರಲ್ಲ, ಅದು ಹೇಗೆ?”

ದೆಹಲಿ ಕಡೆ ನೌಕರಿಯಲ್ಲಿದ್ದೇನೆ ಎಂದು ಗೊತ್ತಾದ ಮೇಲೆ ಊರಿನವರು ಇದನ್ನು ಕೇಳದೆ ಬಿಡುವುದಿಲ್ಲ. ಮೊದಲ ಭಾಗಕ್ಕೆ ನನ್ನ ಉತ್ತರ: ಅರ್ಧ ಹೌದು. ಆ ಅರ್ಧ ಮಾತ್ರ ಇಂಗ್ಲಿಷ್ ಮೂಲಕ ನಮ್ಮ ತನಕ ಬಂದಿದೆ. ಉಳಿದರ್ಧ ತಿಳಿಯಬೇಕಾದರೆ ಹಿಂದಿಯವರು ದಿನಬಳಕೆಯಲ್ಲಿ ಈ ಪದವನ್ನು ಯಾವುದಕ್ಕೆ ಅಂಟಿಸುತ್ತಾರೆ ಎಂಬುದನ್ನು ಗಮನಿಸಬೇಕು. ‘ಪೈಸೇ ಕಾ ಜುಗಾಡ್’, ‘ನೌಕರಿ ಕಾ ಜುಗಾಡ್’, ‘ದೋ ವಕ್ತ್ ಕೀ ರೋಟಿ ಕಾ ಜುಗಾಡ್’. ದುಡ್ಡಿನದು, ಕೆಲಸದ್ದು, ಎರಡು ಹೊತ್ತಿನ ಊಟದ್ದು. ಇವುಗಳಲ್ಲಿ ಯಾವುದರಲ್ಲೂ ಯಂತ್ರವಿಲ್ಲ, ಹೊಸ ಉಪಾಯವೂ ಇಲ್ಲ. ಬೇಕಾದದ್ದೊಂದು ಕೈಯಲ್ಲಿಲ್ಲ, ನೇರ ದಾರಿಯಲ್ಲಿ ಸಿಗುವ ಭರವಸೆಯೂ ಇಲ್ಲ, ಹೇಗೋ ಅದನ್ನು ದಕ್ಕಿಸಿಕೊಳ್ಳಬೇಕು. ಹಾಗೆ ದಕ್ಕಿಸಿಕೊಳ್ಳುವ ಕೆಲಸವೂ ಜುಗಾಡ್, ಅದಕ್ಕೆ ಹಿಡಿದ ದಾರಿಯೂ ಜುಗಾಡ್, ಕೊನೆಗೆ ಕೈಗೆ ಬಂದದ್ದೂ ಜುಗಾಡ್.

ಹಾಗಾಗಿ ಟಿಕೆಟ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ಛಠ್ ಹಬ್ಬದ ಹೊತ್ತಿನ ದೆಹಲಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ದೀಪಾವಳಿ ಕಳೆದು ಆರನೇ ದಿನ ಬರುವ ಈ ಹಬ್ಬಕ್ಕೆ ದೆಹಲಿ, ನೋಯ್ಡಾ, ಗಾಜಿಯಾಬಾದ್‌ಗಳಲ್ಲಿ ದುಡಿಯುವ ಬಿಹಾರದ ಜನ ಊರಿಗೆ ಹೊರಡುತ್ತಾರೆ. ಮುಂಗಡ ಕಾದಿರಿಸುವಿಕೆ ಈಗ 60 ದಿನ ಮುಂಚೆ ತೆರೆಯುತ್ತದೆ. ಪಟ್ನಾ ಕಡೆಯ ರೈಲುಗಳಲ್ಲಿ ತೆರೆದ ಕೆಲವೇ ನಿಮಿಷಕ್ಕೆ ವೇಟಿಂಗ್ ಲಿಸ್ಟ್ ಶುರುವಾಗಿಬಿಡುತ್ತದೆ.

ನೋಯ್ಡಾದ ಒಂದು ಅಪಾರ್ಟ್‌ಮೆಂಟಿನಲ್ಲಿ ಸಮಸ್ತಿಪುರ ಕಡೆಯ ಸೆಕ್ಯುರಿಟಿ ಗಾರ್ಡ್ ಒಬ್ಬನಿದ್ದಾನೆ ಎಂದುಕೊಳ್ಳಿ. ಸ್ಲೀಪರ್ ಟಿಕೆಟ್ ತೆಗೆಸಿದ್ದಾನೆ, ಆದರೆ ಅದು ವೇಟಿಂಗ್ ಲಿಸ್ಟ್‌ನಲ್ಲಿ 90ನೆಯದು. ಅವನ ಮುಂದಿರುವ ಒಂದು ದಾರಿ ತತ್ಕಾಲ್. ರೈಲು ಹೊರಡುವ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ಸ್ಲೀಪರ್ ತತ್ಕಾಲ್ ತೆರೆಯುವಾಗ ಇವನು ಗೇಟಿನಲ್ಲಿ ಡ್ಯೂಟಿ ಮೇಲಿರುತ್ತಾನೆ. ಹೀಗಾಗಿ ಏಜೆಂಟನಿಗೆ ಟಿಕೆಟ್ ದರದ ಮೇಲೆ ಇನ್ನಷ್ಟು ಸೇರಿಸಿ ಕೊಡಬೇಕು. ಇನ್ನೊಂದು ದಾರಿ ಅದೇ ಅಪಾರ್ಟ್‌ಮೆಂಟಿಗೆ ಬರುವ ಕಾರ್ ಡ್ರೈವರ್. ಅವನು ಒಬ್ಬ ಹಿರಿಯ ಅಧಿಕಾರಿಯ ಗಾಡಿ ಓಡಿಸುತ್ತಾನೆ, ಅಧಿಕಾರಿಯ ಪಿ.ಎ. ಜೊತೆ ದಿನವೂ ಚಹಾ ಕುಡಿಯುತ್ತಾನೆ. ಗಾರ್ಡ್ ಅವನನ್ನು ಕೇಳುವ ಮಾತು ಇಷ್ಟೇ: “ಭೈಯಾ, ಕೋಯೀ ಜುಗಾಡ್ ಹೈ?”

ಇಲ್ಲಿ ಅವನು ಕೇಳುತ್ತಿರುವುದು ಉಪಾಯವನ್ನಲ್ಲ, ಯಾರಾದರೂ ಗೊತ್ತಾ ಎಂದು ಕೇಳುತ್ತಿದ್ದಾನೆ. ರೈಲ್ವೆಯಲ್ಲಿ ಇ.ಕ್ಯೂ., ಅಂದರೆ ಎಮರ್ಜೆನ್ಸಿ ಕೋಟಾ ಎಂಬುದೊಂದಿದೆ. ಮಂತ್ರಿಗಳು, ಸಂಸದರು, ನ್ಯಾಯಾಧೀಶರು, ಹಿರಿಯ ಅಧಿಕಾರಿಗಳಿಗಾಗಿ, ಜೊತೆಗೆ ಕಾಯಿಲೆ, ಸಾವು, ಇಂಟರ್‌ವ್ಯೂ ಅಂಥ ತುರ್ತು ಇರುವ ಸಾಮಾನ್ಯರಿಗಾಗಿ ಕೆಲವು ಬರ್ತ್‌ಗಳನ್ನು ಕಡೆಯವರೆಗೂ ತೆಗೆದಿಟ್ಟಿರುತ್ತಾರೆ. ಪಿ.ಎನ್.ಆರ್. ಸಂಖ್ಯೆ, ರೈಲು, ದಿನಾಂಕ ಬರೆದ ಕೋರಿಕೆ ಪತ್ರ ರೈಲ್ವೆಯ ಸಂಬಂಧಪಟ್ಟ ಕಚೇರಿಗೆ ಮುಂಚಿತವಾಗಿ ತಲುಪಬೇಕು. ಚಾರ್ಟ್ ತಯಾರಾಗುವ ಮೊದಲು ಅಲ್ಲಿ ಹಂಚಿಕೆ ಆಗುತ್ತದೆ. ಪಿ.ಎ. ಪತ್ರ ಟೈಪ್ ಮಾಡಿ ಸಾಹೇಬರ ಸಹಿ ಹಾಕಿಸಿ ಕಳಿಸಿದ, ಕೇಳಿದವರ ಪೈಕಿ ಇವನ ಸರದಿ ಬಂತು ಅನ್ನಿ, ಚಾರ್ಟ್ ಆದ ಮೇಲೆ 90ನೆಯವನ ಹೆಸರಿನ ಮುಂದೆ ಬರ್ತ್ ಸಂಖ್ಯೆ ಮೂಡುತ್ತದೆ. ‘ಟಿಕೆಟ್ ಕಾ ಜುಗಾಡ್ ಹೋ ಗಯಾ.’

ಇಷ್ಟರಲ್ಲಿ ಮಿತವ್ಯಯ ಎಲ್ಲಿದೆ? ಏಜೆಂಟನ ದಾರಿಯಲ್ಲಿ ಖರ್ಚು ಹೆಚ್ಚೇ ಆಗುತ್ತದೆ, ಅದನ್ನೂ ಜುಗಾಡ್ ಎಂದೇ ಕರೆಯುತ್ತಾರೆ. ಪತ್ರದ ದಾರಿಯಲ್ಲಿ ದುಡ್ಡು ಕೈಬದಲಾಗದೇ ಇರಬಹುದು, ಆದರೆ ಒಂದು ಋಣ ಹುಟ್ಟಿರುತ್ತದೆ. ಗಾರ್ಡ್ ಹಬ್ಬ ಮುಗಿಸಿ ಬರುವಾಗ ಡ್ರೈವರ್‌ಗೆ ಛಠ್‌ನ ಪ್ರಸಾದ, ಗೋಧಿ ಹಿಟ್ಟು ಬೆಲ್ಲದ ಠೇಕುವಾ, ಕಟ್ಟಿಕೊಂಡು ಬರುತ್ತಾನೆ. ಆರು ತಿಂಗಳಿಗೆ ಡ್ರೈವರನ ಭಾವಮೈದನಿಗೆ ಕೆಲಸ ಬೇಕಾದಾಗ ಗಾರ್ಡ್ ತನ್ನ ಏಜೆನ್ಸಿಯ ಸೂಪರ್‌ವೈಸರ್ ಹತ್ತಿರ ಮಾತಾಡುತ್ತಾನೆ. ಅದು ‘ನೌಕರಿ ಕಾ ಜುಗಾಡ್’. ನಮ್ಮ ‘ವಶೀಲಿ’ ಇದಕ್ಕೆ ತೀರ ಹತ್ತಿರದ ನೆಂಟ. ಆದರೆ ವಶೀಲಿ ಅಂದಾಗ ನಾವು ಸಾಮಾನ್ಯವಾಗಿ ಮೇಲಿನವರ ಕೃಪೆಯನ್ನು ನೆನೆಯುತ್ತೇವೆ. ಜುಗಾಡ್ ಪಕ್ಕದವರ ನಡುವೆಯೂ ಓಡಾಡುತ್ತದೆ, ಕೆಳಗಿನವನೂ ಒಂದು ದಿನ ಮೇಲಿನವನಿಗೆ ಏನೋ ಒಂದನ್ನು ಹೊಂದಿಸಿಕೊಡಬಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಬ್ಬ ಮನುಷ್ಯ. ಅದೇ ರೈಲಿನ ಅದೇ ಪಟ್ಟಿಯಲ್ಲಿ 12ನೆಯವನಾಗಿದ್ದವನು. ಕೋಟಾದಲ್ಲಿ ಉಳಿದ ಬರ್ತ್‌ಗಳು ಚಾರ್ಟ್ ಹೊತ್ತಿಗೆ ವೇಟಿಂಗ್ ಲಿಸ್ಟ್‌ನವರಿಗೆ ಕ್ರಮವಾಗಿ ಹೋಗುತ್ತವೆ. ಪತ್ರಗಳು ಬಂದಷ್ಟೂ ಅವನ ಪಾಲಿಗೆ ಉಳಿಯುವುದು ಕಡಿಮೆ. ಅವನದು ಆನ್‌ಲೈನ್ ಟಿಕೆಟ್ ಆಗಿದ್ದರೆ ತಾನಾಗಿ ರದ್ದಾಗಿ ಹಣ ಖಾತೆಗೆ ಮರಳುತ್ತದೆ, ಹಬ್ಬಕ್ಕೆ ಮನೆ ಸೇರುವುದು ತಪ್ಪುತ್ತದೆ. ತನ್ನ ಬರ್ತ್ ಯಾರಿಗೆ ಹೋಯಿತು ಎಂಬುದು ಅವನಿಗೆ ಗೊತ್ತೇ ಆಗುವುದಿಲ್ಲ. ಗಾರ್ಡ್‌ನದು ತಪ್ಪು ಎಂದು ನಾನು ಹೇಳಲಾರೆ. ವರ್ಷಕ್ಕೊಮ್ಮೆ ತಾಯಿಯ ಮುಖ ನೋಡಲು ಹೊರಟವನು ಅವನು. ಆದರೆ ‘ಮಿತವ್ಯಯದ ಜಾಣ್ಮೆ’ ಎಂಬ ವಿವರಣೆಯಲ್ಲಿ ಈ 12ನೆಯವನಿಗೆ ಜಾಗವೇ ಇಲ್ಲ.

ಹಾಗಾದರೆ ಯಂತ್ರದ ಜುಗಾಡ್ ಸುಳ್ಳೇ? ಖಂಡಿತ ಅಲ್ಲ. ಹರಿಯಾಣ, ಪಶ್ಚಿಮ ಉತ್ತರ ಪ್ರದೇಶ, ರಾಜಸ್ಥಾನಗಳ ಹಳ್ಳಿಗಳಲ್ಲಿ ‘ಜುಗಾಡ್’ ಎಂದರೆ ಒಂದು ಗಾಡಿಯ ಹೆಸರೇ ಆಗಿಹೋಗಿದೆ. ಹೊಲಕ್ಕೆ ನೀರೆತ್ತುವ ಡೀಸೆಲ್ ಪಂಪ್‌ಸೆಟ್‌ನ ಎಂಜಿನ್ನನ್ನು ತಂದು ಮುಂದೆ ಕೂರಿಸುತ್ತಾರೆ. ಗುಜರಿಯ ಜೀಪಿನಿಂದ ಸ್ಟೀರಿಂಗ್, ಗೇರ್‌ಬಾಕ್ಸ್, ಚಕ್ರಗಳು ಬರುತ್ತವೆ. ಮೇಲೆ ಮರದ ಹಲಗೆ ಬಡಿದರೆ ಗಾಡಿ ಸಿದ್ಧ. ಹ್ಯಾಂಡಲ್ ತಿರುಗಿಸಿ ಎಂಜಿನ್ ಹೊಡೆದೆಬ್ಬಿಸುತ್ತಾರೆ. ಬೆಳಿಗ್ಗೆ ಮಂಡಿಗೆ ಗೋಧಿ, ಸಂಜೆ ಮದುವೆಗೆ ನೆಂಟರು. ಬೇಕಾದಾಗ ಎಂಜಿನ್ ಬಿಚ್ಚಿ ಮತ್ತೆ ಕೊಳವೆಬಾವಿಗೆ ಹೂಡಬಹುದು. ಇದನ್ನು ಕಟ್ಟಿದ ಮಿಸ್ತ್ರಿಯ ಕೈಚಳಕಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಆದರೆ ಇದು ಅಗ್ಗವಾದದ್ದು ಹೇಗೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳೆಯ ಬಿಡಿಭಾಗಗಳಿಂದ ಉಳಿದ ದುಡ್ಡು ಒಂದು ಪಾಲು. ಇನ್ನೊಂದು ಪಾಲು ಬಂದದ್ದು ನೋಂದಣಿ ಇಲ್ಲ, ರಸ್ತೆ ತೆರಿಗೆ ಇಲ್ಲ, ಫಿಟ್‌ನೆಸ್ ಪರೀಕ್ಷೆ ಇಲ್ಲ, ವಿಮೆ ಇಲ್ಲ ಎಂಬುದರಿಂದ. ಇದರ ಬ್ರೇಕ್‌ನದೇ ದೊಡ್ಡ ತೊಂದರೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಹಿಂದೆ ಕೂತವನೊಬ್ಬ ಕೆಳಗೆ ಹಾರಿ ಚಕ್ರಕ್ಕೆ ಮರದ ತುಂಡು ಕೊಡಬೇಕು. ಇಪ್ಪತ್ತು ಜನ ಹತ್ತಿದ ಗಾಡಿ ಮಗುಚಿದರೆ ಗಾಯಗೊಂಡವರಿಗೆ, ಸತ್ತವರ ಮನೆಯವರಿಗೆ ಪರಿಹಾರ ಕೊಡಲು ಹಿಂದೆ ಯಾವ ವಿಮಾ ಕಂಪನಿಯೂ ಇರುವುದಿಲ್ಲ. ಉಳಿಯುವುದು ಗಾಡಿಯ ಮಾಲೀಕ ಒಬ್ಬನೇ, ಅವನ ಹತ್ತಿರ ಕೊಡಲು ಏನೂ ಇರುವುದಿಲ್ಲ. ಉಳಿಸಿದ ಹಣದ ಭಾರವನ್ನು ಹೀಗೆ ಬೇರೆ ಯಾರೋ ಹೊರುತ್ತಾರೆ, ರೈಲಿನ 12ನೆಯವನು ಹೊತ್ತಂತೆಯೇ.

ಇದು ಸುಪ್ರೀಂ ಕೋರ್ಟ್ ತನಕ ಹೋಯಿತು. ರಾಜಸ್ಥಾನದ ಸಾರಿಗೆ ನಿಗಮ ಒಂದು ಕಡೆ ಇದ್ದ ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ, 2013ರ ಮೇ ತಿಂಗಳಲ್ಲಿ, ಜುಗಾಡ್ ಕೂಡ 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮಿನಡಿ ಮೋಟಾರು ವಾಹನವೇ ಎಂದು ಕೋರ್ಟ್ ಹೇಳಿತು. ಅಂದರೆ ನೋಂದಣಿ, ಲೈಸೆನ್ಸ್, ವಿಮೆ ಎಲ್ಲವೂ ಇದಕ್ಕೂ ಬೇಕು. ಅವೆಲ್ಲ ಇದ್ದ ಮೇಲೆ ಅದು ಜುಗಾಡ್ ಆಗಿ ಉಳಿಯುವುದಾದರೂ ಹೇಗೆ? ಮುಂದೆ 2022ರ ಏಪ್ರಿಲ್‌ನಲ್ಲಿ ಪಂಜಾಬಿನ ಪೊಲೀಸರು, ಮೋಟಾರ್‌ಸೈಕಲ್‌ಗೆ ತಳ್ಳುಗಾಡಿ ಜೋಡಿಸಿದ ‘ಜುಗಾಡ್ ರೇಹಡಿ’ಗಳನ್ನು ನಿಲ್ಲಿಸಲು ಹೊರಟರು. ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ ಎಂದು ಗದ್ದಲವೆದ್ದು, ಕೆಲವೇ ದಿನಗಳಲ್ಲಿ ಸರ್ಕಾರ ಆ ಆದೇಶ ಹಿಂತೆಗೆದುಕೊಂಡಿತು. ಎರಡೂ ಕಡೆ ನ್ಯಾಯವಿದೆ ಎಂಬುದೇ ಇಲ್ಲಿನ ಕಷ್ಟ. ತರಕಾರಿ ಮಾರುವವನಿಗೆ ಬೇರೆ ಗಾಡಿ ಕೊಳ್ಳುವ ಶಕ್ತಿ ಇಲ್ಲ, ಅದು ಗುದ್ದಿದವನಿಗೆ ಪರಿಹಾರ ಸಿಗುವುದೂ ಇಲ್ಲ.

ಮ್ಯಾನೇಜ್‌ಮೆಂಟ್ ಪಾಠಗಳಿಗೆ ಈ ಪದ ಹೋದಾಗ ಅದರ ಜೊತೆ ಹೋದದ್ದು ಮಿಸ್ತ್ರಿಯ ಕೈಚಳಕ ಮಾತ್ರ. ಪಿ.ಎ.ಯ ಪತ್ರ, ಮರದ ತುಂಡಿನ ಬ್ರೇಕ್ ಇಲ್ಲೇ ಉಳಿದವು. ಬದಲಿಗೆ ಜುಗಾಡ್ ಅಲ್ಲದ್ದು ಒಳಗೆ ಸೇರಿತು. ಗುಜರಾತಿನ ವಾಂಕಾನೇರ್‌ನ ಮನಸುಖಭಾಯಿ ಪ್ರಜಾಪತಿ ಮಾಡಿದ ಮಿಟ್ಟಿಕೂಲ್ ಮಣ್ಣಿನ ಫ್ರಿಜ್ ಜುಗಾಡ್‌ನ ಉದಾಹರಣೆಯಾಗಿ ಎಷ್ಟೋ ಕಡೆ ಬರುತ್ತದೆ. ಅವರು ಕುಂಬಾರ ಮನೆತನದವರು. ಮಣ್ಣಿನ ಹದ, ನೀರು ಆವಿಯಾಗಿ ಒಳಗೆ ತಂಪಾಗುವ ಬಗೆ ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸಿ, ಒಂದರಂತೆ ಇನ್ನೊಂದನ್ನು ಮಾಡಿ ಮಾರುವ ಹಂತಕ್ಕೆ ತಂದವರು. ಹಳ್ಳಿಗರ ಆವಿಷ್ಕಾರಗಳನ್ನು ದಶಕಗಳಿಂದ ಹುಡುಕಿ ದಾಖಲಿಸುತ್ತಿರುವ ಅಹಮದಾಬಾದಿನ ಪ್ರೊಫೆಸರ್ ಅನಿಲ್ ಗುಪ್ತಾ ಇಂಥ ಕೆಲಸಕ್ಕೆ ಜುಗಾಡ್ ಎನ್ನುವುದನ್ನು ಒಪ್ಪುವುದಿಲ್ಲ. ನನಗೂ ಅವರ ಮಾತೇ ಸರಿ ಎನಿಸುತ್ತದೆ. ಹಿಂದಿಯಲ್ಲಿ ‘ಜುಗಾಡೂ ಆದ್ಮೀ’ ಅಂದರೆ ಮೆಚ್ಚುಗೆ ಇರಬಹುದು, ‘ಜುಗಾಡೂ ಕಾಮ್’ ಅಂದರೆ ಸಾಮಾನ್ಯವಾಗಿ ಹೇಗೋ ತೇಪೆ ಹಾಕಿದ ಕೆಲಸ. ಪ್ರಜಾಪತಿಯವರದು ತೇಪೆಯಲ್ಲ.

ನೋಯ್ಡಾದ ಆ ಗಾರ್ಡ್‌ಗೆ ಮಿಟ್ಟಿಕೂಲ್ ತೋರಿಸಿದರೆ ಅವನು ಬಹುಶಃ ಅದನ್ನು ಮಣ್ಣಿನ ಫ್ರಿಜ್ ಎಂದೇ ಕರೆಯುತ್ತಾನೆ, ಬೆಲೆ ಕೇಳುತ್ತಾನೆ. ಮೇ ತಿಂಗಳ ರಾತ್ರಿ ಕರೆಂಟ್ ಹೋಗಿ, ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೆ, ಗುರುತಿನ ಮೀನು ಮಾರುವವನನ್ನು ಎಬ್ಬಿಸಿ ಅರ್ಧ ತುಂಡು ಐಸ್ ತಂದರೆ ಮಾತ್ರ ‘ಬರ್ಫ್ ಕಾ ಜುಗಾಡ್ ಹೋ ಗಯಾ’ ಅನ್ನುತ್ತಾನೆ.