ಚೆನ್ನೆಮಣೆ ಆಟದ ಲಾಗ್: ಅಮ್ಮನ ಮಂಜೊಟ್ಟಿ ಎಲ್ಲಿ ಹೋಯಿತು?

ಹೋದ ಸಲ ಬರೆದಾಗ ಚೆನ್ನೆಮಣೆ ಪಜಲ್ ಆಟದ 60 ಹಂತ ಮುಗಿದಿತ್ತು. ಈ ಸಲದ ಕೆಲಸ ಒಂದೇ. ಫೋನ್ ಬದಲಾದರೂ ಆಟ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಬೇಕು. ಸೇವ್ ಫೈಲನ್ನು ಸರ್ವರಿಗೆ ಹಾಕುವುದು, ಇನ್ನೊಂದು ಫೋನಿನಲ್ಲಿ ಇಳಿಸುವುದು, ಎರಡು ಭಾನುವಾರದಲ್ಲಿ ಆಗಿಹೋಗುತ್ತದೆ ಅಂದುಕೊಂಡಿದ್ದೆ. ಆಟಿ ತಿಂಗಳಲ್ಲಿ ಶುರು ಮಾಡಿದ್ದು, ಈಗ ಮಳೆಗಾಲವೇ ಮುಗಿಯುತ್ತಾ ಬಂತು.

ನನ್ನ ಆಟ ಯೂನಿಟಿಯಲ್ಲಿ ಉಂಟು. ಆಂಡ್ರಾಯ್ಡಿಗೆ ಮಾತ್ರ ಆದರೆ ಪ್ಲೇ ಗೇಮ್ಸ್‌ನ ಸೇವ್ ಸೌಲಭ್ಯವೇ ಸಾಕಿತ್ತು. ಆದರೆ ಮಂಗಳೂರಿನಲ್ಲಿರುವ ಅಕ್ಕನ ಮನೆಯಲ್ಲಿ ಐಫೋನ್, ಇಲ್ಲಿ ಬದಿಯಡ್ಕದ ನಮ್ಮ ಮನೆಯಲ್ಲಿ ಎಲ್ಲ ಆಂಡ್ರಾಯ್ಡ್. ಎರಡಕ್ಕೂ ಆಗಬೇಕಲ್ವಾ, ಹಾಗಾಗಿ ಲಾಗಿನ್‌ಗೆ ಫೈರ್‌ಬೇಸ್, ಸೇವ್ ಇಡಲಿಕ್ಕೆ ಫೈರ್‌ಸ್ಟೋರ್ ಹಿಡಿದೆ.

ಮೊದಲು ಲಾಗಿನ್. ಆಟ ತೆರೆದ ಕೂಡಲೇ "ಸೈನ್ ಇನ್ ಮಾಡಿ" ಅಂತ ಕೇಳಿದರೆ ಅಮ್ಮ ಆಟವನ್ನೇ ಮುಚ್ಚಿಡುತ್ತಾರೆ, ಅದು ಗ್ಯಾರಂಟಿ. ಅದಕ್ಕೆ ಮೊದಲ ಸಲ ತೆರೆದಾಗ ಸುಮ್ನೆ ಅನಾಮಿಕ ಖಾತೆ ಒಂದನ್ನು ಮಾಡಿಸುತ್ತೇನೆ. ಆಡುವವರಿಗೆ ಏನೂ ಕಾಣುವುದಿಲ್ಲ, ಹಿಂದೆ ಒಂದು `uid` ಸಿಕ್ಕಿರುತ್ತದೆ. ಹತ್ತು ಹಂತ ಮುಗಿದ ಮೇಲೆ "ಇದನ್ನು ಗೂಗಲ್ ಖಾತೆಗೆ ಜೋಡಿಸಿಡಲಾ?" ಅಂತ ಕೇಳುತ್ತೇನೆ. ಹೌದು ಅಂದರೆ `LinkWithCredentialAsync`. ಜೋಡಿಸಿದ ಮೇಲೂ `uid` ಹಳೆಯದೇ ಇರುತ್ತದೆ, ಹಾಗಾಗಿ ಸೇವ್ ಅಲ್ಲಾಡುವುದಿಲ್ಲ.

ತೊಂದರೆ ಇರುವುದು ಎರಡನೇ ಸಾಧನದಲ್ಲಿ. ಅಲ್ಲೂ ಆಟ ಅನಾಮಿಕ ಖಾತೆಯಿಂದಲೇ ಶುರುವಾಗಿರುತ್ತದೆ. ಅದೇ ಗೂಗಲ್ ಖಾತೆಯನ್ನು ಜೋಡಿಸಲು ಹೋದರೆ `CredentialAlreadyInUse` ಅಂತ ದೋಷ ಬರುತ್ತದೆ. ನಾನು ಮೊದಲು ಇದನ್ನು ತಪ್ಪು ಅಂತ ತಿಳಿದು "ಮತ್ತೆ ಪ್ರಯತ್ನಿಸಿ" ಅಂತ ತೋರಿಸಿದ್ದೆ. ಎಷ್ಟು ಸಲ ಒತ್ತಿದರೂ ಅದೇ ಬರುತ್ತದೆ. ಅಸಲಿಗೆ ಇದು ತಪ್ಪೇ ಅಲ್ಲ. "ಈ ಮನುಷ್ಯ ಮೊದಲೇ ಇನ್ನೊಂದು ಫೋನಿನಲ್ಲಿ ಆಡಿದ್ದಾನೆ" ಅನ್ನುವ ಸುದ್ದಿ. ಆಗ ಜೋಡಿಸುವುದನ್ನು ಬಿಟ್ಟು ಆ ಖಾತೆಗೆ ನೇರ ಸೈನ್ ಇನ್ ಆಗಬೇಕು.

ಹಾಗೆ ಆದ ಕ್ಷಣ `uid` ಬದಲಾಗುತ್ತದೆ. ಫೈರ್‌ಸ್ಟೋರ್‌ಗೆ ನಾನು ಹಾಕಿದ ನಿಯಮದಲ್ಲಿ ಯಾರ ಸೇವ್ ಇದ್ದರೂ ಅವರೇ ಓದಬೇಕು, ಅವರೇ ಬರೆಯಬೇಕು. ಅಂದರೆ ಅನಾಮಿಕ ಖಾತೆಯಲ್ಲಿ ಇಟ್ಟಿದ್ದ ಸೇವನ್ನು ಇನ್ನು ಮುಟ್ಟಲಿಕ್ಕೇ ಆಗುವುದಿಲ್ಲ. ಆದ್ದರಿಂದ ಸೈನ್ ಇನ್‌ಗೆ ಮೊದಲೇ ಸೇವಿನ ಪ್ರತಿ ಫೋನಿನ ಫೈಲಿನಲ್ಲಿ ಇರಬೇಕು. ಆಮೇಲೆ ಖಾತೆ ಬದಲಿಸಿ, ಅಲ್ಲಿರುವುದರ ಜೊತೆ ಇದನ್ನು ಸೇರಿಸಬೇಕು. ಆಪಲ್ ಲಾಗಿನ್‌ನಲ್ಲಿ ಇನ್ನೊಂದು ಕಿರಿಕಿರಿ: ಜೋಡಿಸಲು ಬಳಸಿದ ಟೋಕನ್ ಒಂದೇ ಸಲಕ್ಕೆ. ಸೈನ್ ಇನ್‌ಗೆ ಅದನ್ನೇ ಮತ್ತೆ ಕೊಟ್ಟರೆ ನಡೆಯುವುದಿಲ್ಲ, ದೋಷದ ಜೊತೆ ಬರುವ ಹೊಸದನ್ನು ತೆಗೆದು ಕೊಡಬೇಕು.

(ಪ್ಲೇ ಸ್ಟೋರಿನಿಂದ ಇಳಿಸಿದ ಆಟದಲ್ಲಿ ಮಾತ್ರ ಗೂಗಲ್ ಲಾಗಿನ್ ಕೋಡ್ 10 ಅಂತ ಸೋತರೆ SHA-1 ನೋಡಿ. ಪ್ಲೇ ತನ್ನ ಕೀಲಿಯಿಂದ ಮತ್ತೆ ಸಹಿ ಮಾಡುತ್ತದೆ, ಆ ಕೀಲಿಯ SHA-1 ಕೂಡ ಫೈರ್‌ಬೇಸ್‌ನಲ್ಲಿ ಸೇರಿಸಬೇಕು. ನನ್ನ ಒಂದು ಶನಿವಾರ ಇದಕ್ಕೇ ಹೋಯಿತು.)

ಇಷ್ಟಾದ ಮೇಲೆ ಅಮ್ಮನ ಫೋನಿಗೂ ಮನೆಯ ಟ್ಯಾಬ್ಲೆಟ್‌ಗೂ ಹಾಕಿಕೊಟ್ಟೆ. ನಾಲ್ಕು ದಿನ ಚೆಂದ ನಡೆಯಿತು. ಐದನೇ ದಿನ ಕಾಸರಗೋಡಿನಿಂದ ಬಸ್ಸಿನಲ್ಲಿ ಬರುವಾಗ ಅಮ್ಮನ ಫೋನ್: "ಎಂತ ಮಗಾ, ನಾನು 47ರಲ್ಲಿದ್ದವಳು, ಈಗ 15 ಅಂತ ತೋರಿಸ್ತದೆ. ಮಂಜೊಟ್ಟಿ ಎಲ್ಲ ಎಲ್ಲಿ ಹೋಯ್ತು?"

ಮಂಜೊಟ್ಟಿ ಅಂದರೆ ಆಟದೊಳಗಿನ ಕಾಸು. ಸುಳಿವು ಬೇಕಾದರೆ ಅದನ್ನು ಖರ್ಚು ಮಾಡಬೇಕು.

ಆದದ್ದು ಹೀಗೆ. ಟ್ಯಾಬ್ಲೆಟ್‌ನಲ್ಲಿ ಸಿಮ್ ಇಲ್ಲ, ಮನೆಯ ವೈಫೈ ಮಾತ್ರ. ಮಳೆಗೆ ಕರೆಂಟು ಹೋದರೆ ವೈಫೈಯೂ ಹೋಯಿತು. ಮೂರು ದಿನ ಅದು ಹಾಗೇ ಇತ್ತು. ಅಷ್ಟರಲ್ಲಿ ಅಮ್ಮ ಫೋನಿನಲ್ಲಿ 47ಕ್ಕೆ ಮುಟ್ಟಿದ್ದರು. ಫೋನಿನ ಚಾರ್ಜೂ ಮುಗಿದಾಗ ಟ್ಯಾಬ್ಲೆಟ್ ಎತ್ತಿ, ಅದರಲ್ಲಿದ್ದ 12ನೇ ಹಂತದಿಂದ ಮೂರು ಆಡಿದರು. ಫೈರ್‌ಸ್ಟೋರ್ ನೆಟ್ ಇಲ್ಲದಾಗ ಬರೆದದ್ದನ್ನು ಸಾಲಿನಲ್ಲಿ ಇಟ್ಟುಕೊಂಡು, ನೆಟ್ ಬಂದ ಕೂಡಲೇ ಕಳಿಸುತ್ತದೆ. ನಾನು ಇಡೀ ಸೇವನ್ನು `SetAsync` ಮಾಡುತ್ತಿದ್ದೆ. ಕರೆಂಟು ಬಂತು, ಟ್ಯಾಬ್ಲೆಟ್‌ನ ಹಳೇ ಸೇವ್ ಫೋನಿನದರ ಮೇಲೆ ಕೂತಿತು. ಯಾವ ದೋಷವೂ ಬರಲಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ಎಲ್ಲ ಸರಿಯೇ.

ಸೇವಿಗೆ ಸಮಯ ಹಾಕಿ ಹೊಸದನ್ನು ಇಟ್ಟುಕೊಂಡರಾಯಿತಲ್ಲ ಅಂತ ಅನಿಸಬಹುದು. ಇಲ್ಲಿ ಹೊಸದು ಟ್ಯಾಬ್ಲೆಟ್‌ನದೇ! ಹೊಸದು ಯಾವುದು ಅಂತ ಹುಡುಕುವುದೇ ತಪ್ಪು, ಎರಡನ್ನೂ ಸೇರಿಸಬೇಕು.

ಹಂತಕ್ಕೆ ಸೇರಿಸುವುದು ಸುಲಭ, ದೊಡ್ಡದನ್ನು ಇಟ್ಟುಕೊಂಡರಾಯಿತು. ನಕ್ಷತ್ರಗಳಿಗೂ ಹಾಗೇ, ಹಂತ ಹಂತಕ್ಕೆ ದೊಡ್ಡದು. ಮಂಜೊಟ್ಟಿಗೆ ಇದು ನಡೆಯುವುದಿಲ್ಲ. ಎರಡೂ ಕಡೆ 300 ಇತ್ತು ಅಂತ ಇಟ್ಟುಕೊಳ್ಳಿ. ಫೋನಿನಲ್ಲಿ 80 ಗಳಿಸಿ 380 ಆಯಿತು. ಟ್ಯಾಬ್ಲೆಟ್‌ನಲ್ಲಿ 50 ಖರ್ಚಾಗಿ 250 ಆಯಿತು. ದೊಡ್ಡದನ್ನು ತೆಗೆದರೆ 380, ಸುಳಿವು ಪುಕ್ಕಟೆ ಸಿಕ್ಕಿದ ಹಾಗೆ. ಕೂಡಿಸಿದರೆ 630, ಅದು ಇನ್ನೂ ಮೋಸ. ಸರಿಯಾದ ಉತ್ತರ 330. ಆದರೆ 380 ಮತ್ತು 250 ಅನ್ನುವ ಎರಡು ಸಂಖ್ಯೆಯಿಂದ 330 ಹುಟ್ಟುವುದೇ ಇಲ್ಲ, ಮೊದಲು 300 ಇತ್ತು ಅನ್ನುವುದು ಎಲ್ಲೂ ಬರೆದಿಲ್ಲವಲ್ಲ.

ದಾರಿ ನಮ್ಮ ಅಂಗಡಿ ಲೆಕ್ಕದ್ದೇ. ಬಾಕಿಯನ್ನು ಬರೆದಿಡಬೇಡಿ, ಜಮೆ ಬೇರೆ ಖರ್ಚು ಬೇರೆ ಬರೆಯಿರಿ. ಅದೂ ಒಂದೊಂದು ಸಾಧನಕ್ಕೆ ಒಂದೊಂದು ಖಾನೆ. ತನ್ನ ಖಾನೆಯಲ್ಲಿ ತಾನು ಮಾತ್ರ ಬರೆಯಬೇಕು, ಸಂಖ್ಯೆ ಏರಬೇಕೇ ಹೊರತು ಇಳಿಯಬಾರದು. ಆಗ ಒಂದೇ ಖಾನೆಯ ಎರಡು ಪ್ರತಿ ಎದುರಾದರೆ ದೊಡ್ಡದೇ ಹೊಸದು, ಗಡಿಯಾರ ನೋಡುವ ಕೆಲಸವೇ ಇಲ್ಲ.

```csharp
foreach (var kv in remote.slots) {
    if (!local.slots.TryGetValue(kv.Key, out var l))
        local.slots[kv.Key] = l = new Slot();
    l.earned = Math.Max(l.earned, kv.Value.earned);
    l.spent  = Math.Max(l.spent,  kv.Value.spent);
}
```

ಮೇಲಿನ ಲೆಕ್ಕವನ್ನೇ ನೋಡಿ. ಮೊದಲು ಫೋನಿನ ಖಾನೆಯಲ್ಲಿ ಜಮೆ 360, ಖರ್ಚು 60, ಟ್ಯಾಬ್ಲೆಟ್‌ನದು ಖಾಲಿ. ಬಾಕಿ 300. ಆಮೇಲೆ ಫೋನಿನ ಜಮೆ 440, ಟ್ಯಾಬ್ಲೆಟ್‌ನ ಖರ್ಚು 50. ಒಟ್ಟು ಜಮೆ 440, ಒಟ್ಟು ಖರ್ಚು 110, ಬಾಕಿ 330. ಯಾವುದು ಮೊದಲು ನೆಟ್‌ಗೆ ಬಂದರೂ ಅಷ್ಟೇ.

ಬರೆಯುವ ರೀತಿಯೂ ಬದಲಾಯಿತು. ಈಗ ಹಂತ ಮುಗಿದಾಗ ಮತ್ತು `OnApplicationPause` ಬಂದಾಗ ಫೋನಿನ ಫೈಲಿಗೆ ಬರೆಯುತ್ತೇನೆ. ನೆಟ್ ಇದ್ದರೆ ಟ್ರಾನ್ಸಾಕ್ಷನ್‌ನಲ್ಲಿ ಓದಿ, ಸೇರಿಸಿ, ಬರೆಯುತ್ತೇನೆ. ಟ್ರಾನ್ಸಾಕ್ಷನ್ ನೆಟ್ ಇಲ್ಲದಾಗ ಸೋಲುತ್ತದೆ, ಸಾಲಿನಲ್ಲಿ ಕಾಯುವುದಿಲ್ಲ. ನನಗೆ ಬೇಕಾದದ್ದೂ ಅದೇ.

ಒಂದು ಮಿತಿ ಉಳಿಯುತ್ತದೆ. ಎರಡೂ ಕಡೆ ನೆಟ್ ಇಲ್ಲದೆ ಅದೇ 300ರಲ್ಲಿ ಇಲ್ಲಿ 250, ಅಲ್ಲಿ 200 ಖರ್ಚು ಮಾಡಿದರೆ ಬಾಕಿ −150. ಕೊಟ್ಟ ಸುಳಿವನ್ನು ಕಿತ್ತುಕೊಳ್ಳಲಿಕ್ಕೆ ಆಗುತ್ತದಾ? 0 ಅಂತ ತೋರಿಸುತ್ತೇನೆ, ಮುಂದೆ ಗಳಿಸಿದ್ದು ಆ ಸಾಲಕ್ಕೆ ಹೋಗುತ್ತದೆ. ನಾನು ಮಂಜೊಟ್ಟಿಯನ್ನು ದುಡ್ಡಿಗೆ ಮಾರುವುದಿಲ್ಲ, ಹಾಗಾಗಿ ನಡೆಯುತ್ತದೆ. ಮಾರುವವರು ಲೆಕ್ಕವನ್ನು ಸರ್ವರಿನಲ್ಲೇ ಮಾಡಬೇಕು, ಫೋನಿನ ಮಾತು ನಂಬಬಾರದು.

ಅಕ್ಕನ ಮಗ ರಜೆಯಲ್ಲಿ ಬಂದವನು ಎರಡೇ ದಿನದಲ್ಲಿ ತೂತು ಹುಡುಕಿದ. ಹೊಸ ಆಟಗಾರರಿಗೆ 50 ಮಂಜೊಟ್ಟಿ ಉಡುಗೊರೆ ಕೊಡುತ್ತಿದ್ದೆ, ಅದು ಜಮೆಯಲ್ಲಿ ಸೇರುತ್ತಿತ್ತು. ಆಟ ತೆಗೆದುಹಾಕಿ ಮತ್ತೆ ಇಳಿಸಿದರೆ ಹೊಸ ಖಾನೆ, ಹೊಸ 50, ಸೈನ್ ಇನ್ ಆದರೆ ಹಳೆಯದಕ್ಕೆ ಸೇರ್ಪಡೆ. "ಮಾವ, ನನ್ನತ್ರ 1,200 ಉಂಟು" ಅಂದ. ಈಗ ಉಡುಗೊರೆ ಯಾವ ಖಾನೆಯಲ್ಲೂ ಇಲ್ಲ. ಬಾಕಿ ತೋರಿಸುವಾಗ ಒಂದು ಸಲ 50 ಕೂಡಿಸುತ್ತೇನೆ, ಅಷ್ಟೇ.

ಕೊನೆಯ ಪೆಟ್ಟು ನಾನು ಯೋಚಿಸಿಯೇ ಇರದ ಕಡೆಯಿಂದ ಬಂತು. ಅಮ್ಮನಿಗೆ ಹೊಸ ಫೋನ್ ಬಂತು, ಹಳೆಯದು ಅಪ್ಪನ ಕೈಗೆ ಹೋಯಿತು, ಖಾತೆ ಅದೇ. ಆಮೇಲೆ ಸಿಂಕ್ ಆದಾಗಲೆಲ್ಲ 20, 30 ಮಂಜೊಟ್ಟಿ ಕಡಿಮೆ. ಲಾಗ್‌ನಲ್ಲಿ ಏನೂ ಇಲ್ಲ. ಫೈರ್‌ಸ್ಟೋರ್ ತೆರೆದು ನೋಡಿದರೆ ಮನೆಯಲ್ಲಿ ಮೂರು ಸಾಧನ, ಸೇವ್‌ನಲ್ಲಿ ಎರಡೇ ಖಾನೆ!

ಖಾನೆಯ ಹೆಸರಿಗೆ ಮೊದಲ ಸಲ ತೆರೆದಾಗ ಹುಟ್ಟುವ ಒಂದು ಯಾದೃಚ್ಛಿಕ ಗುರುತು ಇಟ್ಟಿದ್ದೆ, ಅದನ್ನು `PlayerPrefs`ನಲ್ಲಿ ಉಳಿಸಿದ್ದೆ. ಮ್ಯಾನಿಫೆಸ್ಟ್‌ನಲ್ಲಿ ಬೇಡ ಅಂತ ಹೇಳದಿದ್ದರೆ ಆಂಡ್ರಾಯ್ಡ್ ಇದನ್ನೆಲ್ಲ ಬ್ಯಾಕಪ್ ಮಾಡಿ ಹೊಸ ಫೋನಿಗೆ ಕೊಡುತ್ತದೆ. ಹಾಗಾಗಿ ಎರಡು ಫೋನಿಗೂ ಒಂದೇ ಗುರುತು, ಒಂದೇ ಖಾನೆಗೆ ಇಬ್ಬರು ಬರೆಯುವವರು. ಜಮೆ 440ರಿಂದ ಅಪ್ಪ 470 ಮಾಡಿದರು, ಅಮ್ಮ 500 ಮಾಡಿದರು. ದೊಡ್ಡದು 500. ಅಪ್ಪನ 30 ಗಾಳಿಗೆ ಹೋಯಿತು.

ಗುರುತನ್ನು ಈಗ ಆಂಡ್ರಾಯ್ಡಿನಲ್ಲಿ `getNoBackupFilesDir()` ಕೊಡುವ ಜಾಗದಲ್ಲಿ ಇಡುತ್ತೇನೆ, ಅದು ಬ್ಯಾಕಪ್‌ಗೆ ಹೋಗುವುದಿಲ್ಲ. ಐಫೋನಿನಲ್ಲಿ ಆ ಫೈಲಿಗೆ `Device.SetNoBackupFlag`. ಫೈಲ್ ಇಲ್ಲದಿದ್ದರೆ ಹೊಸ ಗುರುತು ಹುಟ್ಟುತ್ತದೆ. ಅಪ್‌ಡೇಟ್ ಆದ ಕೂಡಲೇ ಎರಡು ಫೋನಿಗೂ ಬೇರೆ ಬೇರೆ ಹೊಸ ಖಾನೆ ಬಂತು. ಹಳೇ ಖಾನೆ ಯಾರೂ ಮುಟ್ಟದೆ ಇದ್ದಲ್ಲೇ ಉಳಿಯಿತು, ಅದರ ಬಾಕಿ ಒಟ್ಟು ಲೆಕ್ಕದಲ್ಲಿ ಉಂಟು. ಹೋದದ್ದು ಮಾತ್ರ ಹೋಯಿತು. ಅಪ್ಪನಿಗೆ ಹೇಳಿಲ್ಲ.

ಈಗ ಉಳಿದಿರುವುದು ಖಾತೆ ಅಳಿಸುವ ಬಟನ್. ಖಾತೆ ಮಾಡಲು ಬಿಟ್ಟರೆ ಆಟದೊಳಗೇ ಅಳಿಸಲೂ ಬಿಡಬೇಕು ಅಂತ ಆಪಲ್ 2022ರ ಜೂನ್ 30ರಿಂದ ಕಡ್ಡಾಯ ಮಾಡಿದೆ, ಪ್ಲೇ ಸ್ಟೋರೂ ಕೇಳುತ್ತದೆ. ನಾನು ಮೊದಲು ಖಾತೆ ಅಳಿಸಿ ಆಮೇಲೆ ಸೇವ್ ಅಳಿಸಲು ಹೋಗಿದ್ದೆ. ಖಾತೆಯೇ ಇಲ್ಲದ ಮೇಲೆ ನಿಯಮ ಒಳಗೆ ಬಿಡಲಿಲ್ಲ, ಸೇವ್ ಅನಾಥವಾಗಿ ಅಲ್ಲೇ ಕೂತಿತು. ಕ್ರಮ ತಿರುಗಿಸಿದೆ: ಸೇವ್ ಮೊದಲು. ಆಗ ಇನ್ನೊಂದು ಬಾಲ ಹುಟ್ಟಿತು. ತುಂಬಾ ದಿನದ ಹಿಂದೆ ಸೈನ್ ಇನ್ ಆಗಿದ್ದರೆ ಖಾತೆ ಅಳಿಸುವಾಗ `RequiresRecentLogin` ಅಂತ ತಡೆಯುತ್ತದೆ, ಅಷ್ಟರಲ್ಲಿ ಸೇವ್ ಹೋಗಿ ಆಗಿರುತ್ತದೆ. ಹಾಗಾಗಿ ಬಟನ್ ಒತ್ತಿದ ಕೂಡಲೇ ಮೊದಲು ಮತ್ತೊಮ್ಮೆ ಸೈನ್ ಇನ್ ಕೇಳಿ, ಅದು ಗೆದ್ದರೆ ಮಾತ್ರ ಮುಂದಿನದು. ಅದನ್ನು ಈ ವಾರ ಬರೆಯುತ್ತಿದ್ದೇನೆ.