ಕರೆಂಟು ಮಿಣುಕಿದಾಗ ಮಾತ್ರ ಕೆಡುವ ಬೋರ್ಡು

ಜೂನ್ ಎರಡನೇ ವಾರ ಶಿರಸಿ ಕಡೆಯ ಒಂದು ಅಡಿಕೆ ವಖಾರಿಯಿಂದ ಫೋನು ಬಂತು. ನಮ್ಮ ಸಾರ್ಟಿಂಗ್ ಮಷಿನ್ ಬೆಳಗ್ಗೆಯಿಂದ ಒಂದೂ ಕೋಕಾ, ಅಂದರೆ ಕೀಳು ದರ್ಜೆಯ ಅಡಿಕೆ, ತೆಗೆದಿಲ್ಲ. ಬೆಲ್ಟ್ ಓಡುತ್ತಿದೆ, ಲೈಟು ಉರಿಯುತ್ತಿದೆ, ಪರದೆಯಲ್ಲಿ ಎಲ್ಲ ಹಸಿರು. ಚಾಲಿ, ಬಿಳೇಗೋಟು, ಕೋಕಾ ಎಲ್ಲ ಒಂದೇ ಚೀಲಕ್ಕೆ ಬಿದ್ದಿವೆ. ಗೊತ್ತಾಗುವಷ್ಟರಲ್ಲಿ ಹತ್ತು ಕ್ವಿಂಟಾಲ್ ಹಾದುಹೋಗಿತ್ತು. ಅಷ್ಟನ್ನೂ ಹೆಂಗಸರು ಕೂತು ಕೈಯಲ್ಲಿ ಮತ್ತೆ ಆರಿಸಿದರು. ನಾನು ಅಲ್ಲಿಗೆ ಹೋದಾಗ ಅವರು ಇನ್ನೂ ಆರಿಸುತ್ತಲೇ ಇದ್ದರು. ಆ ದೃಶ್ಯ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಆ ಮಷಿನ್ನಿನ ಕಂಟ್ರೋಲ್ ಬೋರ್ಡ್ ನನ್ನ ಡಿಸೈನ್. ಮಧ್ಯದಲ್ಲಿ ಒಂದು ಆರ್ಟಿಕ್ಸ್-7 ಎಫ್‌ಪಿಜಿಎ, ಪಕ್ಕದಲ್ಲಿ ಒಂದು ಎಂಸಿಯು. 24 ವೋಲ್ಟಿನಿಂದ 5 ವೋಲ್ಟ್, ಅದರಿಂದ ಬೇರೆ ಬೇರೆ ಬಕ್ ರೆಗ್ಯುಲೇಟರ್‌ಗಳಲ್ಲಿ ಕೋರ್‌ಗೆ 1.0, ಆಕ್ಸ್‌ಗೆ 1.8, ಕ್ಯಾಮೆರಾ ಬ್ಯಾಂಕಿಗೆ 2.5, ಉಳಿದ ಐಒಗೆ 3.3. ಅಡಿಕೆಗೆ ಗಾಳಿ ಹೊಡೆಯುವ 64 ವಾಲ್ವ್‌ಗಳ ಡ್ರೈವರ್ ಇರುವುದು ಈ 3.3ರ ಬ್ಯಾಂಕಿನಲ್ಲಿ.

ಹೋದವನೇ ಮೇನ್ ಸ್ವಿಚ್ ಆರಿಸಿ ಹಾಕಿದೆ. ಮಷಿನ್ ಸರಿಯಾಯಿತು. ಹತ್ತು ಸಲ ಮಾಡಿದೆ, ಹತ್ತೂ ಸಲ ಸರಿ. ಪವರ್ ಕಡೆ ತೊಂದರೆ ಇಲ್ಲ ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಫರ್ಮ್‌ವೇರ್ ನೋಡುವ ಗೆಳೆಯನಿಗೆ ಫೋನ್ ಮಾಡಿ, ನಿನ್ನ ಕೋಡಿನಲ್ಲಿ ಎಲ್ಲೋ ಸಿಕ್ಕಿಹಾಕಿಕೊಳ್ತಾ ಇದೆ, ನೋಡು ಅಂದೆ. ಅವನು ಪಾಪ ಎರಡು ರಾತ್ರಿ ಕೂತು ಕೋಡ್ ಜಾಲಾಡಿದ. ಅದರಲ್ಲಿ ಏನೂ ಸಿಗಲಿಲ್ಲ, ಸಿಗುವ ಹಾಗೂ ಇರಲಿಲ್ಲ.

ವಖಾರಿಯ ಯಜಮಾನರು ಮೊದಲ ದಿನವೇ ನನಗೆ ಒಂದು ಮಾತು ಹೇಳಿದ್ದರು. "ತಮಾ, ಕರೆಂಟು ಪೂರ್ತಿ ಹೋದ್ರೆ ಎಂತೂ ಆಗ್ತಿಲ್ಲೆ. ಮಿಣುಕಿದ್ರೆ ಮಾತ್ರ ಹಿಂಗಾಗ್ತು. ಆವಾಗ ಎಲ್ಲಾ ವಾಲ್ವೂ ಒಂದೇ ಸಲ ಪಟ್ ಹೇಳಿ ಗಾಳಿ ಹೊಡೀತು." ನಾನು ಹೂಂ ಅಂದು ಮುಂದೆ ಹೋಗಿದ್ದೆ. ಮೂರನೇ ದಿನ ಮಳೆ ಜೋರಾಗಿ, ಎಲ್ಲೋ ಲೈನಿನ ಮೇಲೆ ಕೊಂಬೆ ತಾಗಿ ದೀಪ ಒಮ್ಮೆ ಮಿಣುಕಿತು. ನನ್ನ ಎದುರೇ ಪಟ್ ಅಂತ ಗಾಳಿ. ಆಮೇಲೆ ಬೆಲ್ಟ್ ಓಡುತ್ತಲೇ ಇದೆ, ವಾಲ್ವ್ ಒಂದೂ ಅಲ್ಲಾಡುತ್ತಿಲ್ಲ. ಅವರು ಹೇಳಿದ್ದು ಅಕ್ಷರಶಃ ನಿಜ.

ಬೋರ್ಡನ್ನು ಆಫೀಸಿಗೆ ತಂದೆ. ಈ ಸಲ ಸ್ವಿಚ್ ಮುಟ್ಟಲಿಲ್ಲ. 24 ವೋಲ್ಟ್ ಲೈನಿನಲ್ಲಿ ಒಂದು ಪಿ-ಮಾಸ್‌ಫೆಟ್ ಕೂರಿಸಿ ಫಂಕ್ಷನ್ ಜನರೇಟರ್‌ನಿಂದ ಅದನ್ನು ಆರಿಸುವ ಸಮಯ ಬದಲಿಸುತ್ತಾ ಹೋದೆ. ಸ್ಕೋಪಿನ ನಾಲ್ಕು ಚಾನಲ್ಲು 5, 1.0, 3.3 ಮತ್ತು ಎಂಸಿಯು ರೀಸೆಟ್ ಪಿನ್ನಿಗೆ. 40 ಮಿಲಿಸೆಕೆಂಡಿನ ಒಳಗೆ ಆರಿಸಿದರೆ ಬೋರ್ಡಿಗೆ ಗೊತ್ತೇ ಆಗುವುದಿಲ್ಲ, ಕೆಪಾಸಿಟರ್‌ಗಳು ತಡೆದುಕೊಳ್ಳುತ್ತವೆ. 300 ದಾಟಿದರೆ ಮೊದಲಿನಿಂದ ಶುರುವಾಗಿ ಸರಿಯಾಗುತ್ತದೆ. ಮಧ್ಯದಲ್ಲಿ ಎಲ್ಲಿ ಆರಿಸಿದರೂ ಕೆಡುತ್ತದೆ. ನಾನು ಕೈಯಲ್ಲಿ ಸ್ವಿಚ್ ಎಷ್ಟೇ ಬೇಗ ಆರಿಸಿ ಹಾಕಿದರೂ ಅರ್ಧ ಸೆಕೆಂಡ್ ದಾಟುತ್ತಿತ್ತು, ಅದಕ್ಕೇ ನನ್ನ ಹತ್ತು ಪರೀಕ್ಷೆಗಳೂ ಪಾಸಾಗಿದ್ದವು.

ಈಗ ಕಾರಣಕ್ಕೆ ಬರುತ್ತೇನೆ. ಈ ಎಫ್‌ಪಿಜಿಎಗೆ ಮೊದಲು ಕೋರ್ 1.0, ಆಮೇಲೆ ಆಕ್ಸ್ 1.8, ಕೊನೆಗೆ ಐಒ ಸಪ್ಲೈ ಏರಬೇಕು, ಇಳಿಯುವಾಗ ತಿರುಗಾಮುರುಗಾ ಅಂತ ಡೇಟಾಶೀಟ್ ಹೇಳುತ್ತದೆ. ಈ ಕ್ರಮದಲ್ಲಿ ಏರಿದರೆ ಪಿನ್ನುಗಳು ಟ್ರೈ-ಸ್ಟೇಟ್‌ನಲ್ಲಿ ಇರುತ್ತವೆ, ಎಳೆಯುವ ಕರೆಂಟೂ ಕಡಿಮೆ. ನಾನು ಈ ಕ್ರಮವನ್ನು ಎನೇಬಲ್ ಪಿನ್ನುಗಳಿಗೆ ಆರ್‌ಸಿ ಹಾಕಿ ಮಾಡಿದ್ದೆ. ಕೋರ್‌ಗೆ ಆರ್‌ಸಿ ಇಲ್ಲ. 1.8ಕ್ಕೆ 47 ಕಿಲೋಓಮ್ ಮತ್ತು 0.22 ಮೈಕ್ರೋಫ್ಯಾರಡ್. 3.3ಕ್ಕೆ 47 ಕಿಲೋಓಮ್ ಮತ್ತು 1 ಮೈಕ್ರೋಫ್ಯಾರಡ್, ಅಂದರೆ ಟೈಮ್ ಕಾನ್ಸ್ಟಂಟ್ 47 ಮಿಲಿಸೆಕೆಂಡ್. ಎನೇಬಲ್ ಆಗುವುದು ಸುಮಾರು 1.2 ವೋಲ್ಟಿಗೆ. 5 ವೋಲ್ಟಿನಿಂದ ಅಷ್ಟು ತುಂಬಲು

```
t = -47 ms × ln(1 - 1.2/5) ≈ 13 ms
```

ಬೇಕು. ಹಾಗೇ 1.8ಕ್ಕೆ 3 ಮಿಲಿಸೆಕೆಂಡ್ ಹತ್ತಿರ. ತಣ್ಣಗಿದ್ದ ಬೋರ್ಡಿಗೆ ಪವರ್ ಕೊಟ್ಟರೆ ಸ್ಕೋಪಿನಲ್ಲಿ ಮೂರು ಮೆಟ್ಟಿಲು ಚೆಂದಾಗಿ ಕಾಣುತ್ತವೆ. ಡಿಸೈನ್ ರಿವ್ಯೂನಲ್ಲಿ ಆ ಚಿತ್ರವನ್ನೇ ತೋರಿಸಿ ಎಲ್ಲರ ಒಪ್ಪಿಗೆ ಪಡೆದಿದ್ದೆ.

ಮಿಣುಕಿದಾಗ ಆಗುವುದೇ ಬೇರೆ. 5 ವೋಲ್ಟ್ ಇಳಿಯುತ್ತಾ 4ರ ಹತ್ತಿರ ಬಂದ ಕೂಡಲೇ ರೆಗ್ಯುಲೇಟರ್‌ಗಳ ಒಳಗಿನ ಅಂಡರ್‌ವೋಲ್ಟೇಜ್ ಲಾಕ್‌ಔಟ್ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಕೋರ್ ಒಂದು ಆಂಪಿಯರ್ ಹತ್ತಿರ ಎಳೆಯುವ ಲೈನು, ಒಂದೆರಡು ಮಿಲಿಸೆಕೆಂಡಿನಲ್ಲಿ ಸೊನ್ನೆ. ಆದರೆ 3.3ರ ಮೇಲೆ ಸಾವಿರ ಮೈಕ್ರೋಫ್ಯಾರಡ್ ಕೂರಿಸಿದ್ದೆ, ಕೋರ್ ಸತ್ತ ಮೇಲೆ ಅದರಿಂದ ಹೆಚ್ಚು ಎಳೆಯುವವರು ಯಾರೂ ಇಲ್ಲ. ಹಾಗಾಗಿ ಅದು ಮೆಲ್ಲಗೆ ಇಳಿಯುತ್ತದೆ.

ಸ್ಕೋಪಿನಲ್ಲಿ ನನಗೆ ಅರ್ಥವಾಗದೆ ತುಂಬಾ ಹೊತ್ತು ನೋಡಿದ್ದು 5 ವೋಲ್ಟಿನ ಗೆರೆಯನ್ನು. ಅದು ಬೇಗ ಇಳಿದು, 1.9ರ ಹತ್ತಿರ ಬಂದು, ಅಲ್ಲಿಂದ ಮುಂದೆ ಇಳಿಯಲು ಹಠ ಮಾಡುತ್ತಿತ್ತು. 24 ಇಲ್ಲ, ಹಾಗಾದರೆ ಇದನ್ನು ಹಿಡಿದುಕೊಂಡಿರುವುದು ಯಾರು? ಪಕ್ಕದ ಗೆರೆ ನೋಡಿದಾಗ ಹೊಳೆಯಿತು. 3.3ರ ಲೈನು ಆಗ 2.5ರಲ್ಲಿ ಇತ್ತು. ಎರಡರ ನಡುವೆ ಸದಾ 0.6 ವೋಲ್ಟ್ ಅಂತರ. 3.3ರ ಬಕ್ಕಿನ ಮೇಲಿನ ಮಾಸ್‌ಫೆಟ್‌ನ ಬಾಡಿ ಡಯೋಡಿನ ಮೂಲಕ ಔಟ್‌ಪುಟ್ ಕೆಪಾಸಿಟರ್‌ಗಳೇ ಇನ್‌ಪುಟ್ಟಿಗೆ ಹಿಮ್ಮುಖವಾಗಿ ಕರೆಂಟ್ ಕೊಡುತ್ತಿದ್ದವು.

ಇದಾದ ಮೇಲೆ ಲೆಕ್ಕ ಸುಲಭ. 5ರ ಲೈನು 1.9ರಲ್ಲಿ ನಿಂತರೆ, ಅದಕ್ಕೆ ಕಟ್ಟಿದ ಎನೇಬಲ್ ಕೆಪಾಸಿಟರ್ ಎಷ್ಟು ಹೊತ್ತಾದರೂ 1.9ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಎನೇಬಲ್ ಮಿತಿ 1.2. ಅಂದರೆ ಎಲ್ಲ ರೆಗ್ಯುಲೇಟರ್‌ಗಳೂ ಇಡೀ ಹೊತ್ತು ಎನೇಬಲ್ ಆಗೇ ಇವೆ. ಕರೆಂಟು ವಾಪಸ್ ಬಂದು 5ರ ಲೈನು 4 ದಾಟಿದ ಕ್ಷಣವೇ ಎಲ್ಲ ಒಟ್ಟಿಗೆ ಏರುತ್ತವೆ, ಅದರಲ್ಲೂ ಐಒ ಆಗಲೇ 2.5ರಲ್ಲಿ ಕಾಯುತ್ತಿದೆ. ಕೋರ್ ಇಲ್ಲದೆ ಐಒ ಮಾತ್ರ ಇರುವ ಆ ಚಿಕ್ಕ ಹೊತ್ತಿನಲ್ಲಿ ಪಿನ್ನುಗಳು ಸುಮ್ನೆ ಇರುತ್ತವೆ ಅನ್ನುವ ಖಾತ್ರಿ ಇಲ್ಲ. ಯಜಮಾನರು ಕೇಳಿದ ಪಟ್ ಅನ್ನುವ ಸದ್ದು ಅದೇ.

ವಾಲ್ವ್‌ಗಳು ಆಮೇಲೆ ಸತ್ತಂತೆ ಇದ್ದದ್ದಕ್ಕೆ ರೀಸೆಟ್ ಕಾರಣ. ಎಂಸಿಯು ರೀಸೆಟ್ ಪಿನ್ನಿಗೂ ನಾನು ಹಾಕಿದ್ದು ಆರ್‌ಸಿಯನ್ನೇ, 100 ಕಿಲೋಓಮ್ ಮತ್ತು 1 ಮೈಕ್ರೋಫ್ಯಾರಡ್, 3.3ಕ್ಕೆ ಕಟ್ಟಿದ್ದು. 3.3 ಇಳಿಯುವಾಗ ಆ ಕೆಪಾಸಿಟರ್ ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಪಿನ್ನಿನ ಮಿತಿ ಚಿಪ್ಪಿನ ಸಪ್ಲೈ ಜೊತೆಗೇ ಕೆಳಗಿಳಿಯುತ್ತದೆ, ಹಾಗಾಗಿ ಎಂಸಿಯು ಕಣ್ಣಿಗೆ ರೀಸೆಟ್ ಪಿನ್ ಯಾವಾಗಲೂ ಮೇಲೇ ಇದೆ. ಆ ಎಂಸಿಯು 1.8 ವೋಲ್ಟಿನವರೆಗೂ ಓಡುತ್ತದೆ, ಬ್ರೌನ್‌ಔಟ್ ಮಟ್ಟ ತೀರಾ ಕೆಳಗೆ ಬಿಟ್ಟಿದ್ದೆವು. ಅದು ಏನೂ ಆಗಿಲ್ಲ ಅನ್ನುವ ಹಾಗೆ ಕೆಲಸ ಮುಂದುವರಿಸಿತು. ಎಫ್‌ಪಿಜಿಎ ಮಾತ್ರ ಕೋರ್ ಕಳೆದುಕೊಂಡು, ತನ್ನದೇ ಪವರ್-ಆನ್ ರೀಸೆಟ್‌ನಿಂದ ಫ್ಲ್ಯಾಶ್‌ನಿಂದ ಹೊಸದಾಗಿ ಎದ್ದಿತು. ಬಣ್ಣದ ಮಿತಿ, ವಾಲ್ವ್ ವಿಳಂಬ ಇರುವ ಟೇಬಲ್ಲನ್ನು ಎಂಸಿಯು ತಾನು ಬೂಟ್ ಆಗುವಾಗ ಒಮ್ಮೆ ಮಾತ್ರ ಎಫ್‌ಪಿಜಿಎಗೆ ಕಳಿಸುತ್ತದೆ. ಈಗ ಟೇಬಲ್ ಖಾಲಿ. ಖಾಲಿ ಟೇಬಲ್ಲಿಗೆ ಎಲ್ಲ ಅಡಿಕೆಯೂ ಒಳ್ಳೆಯ ಅಡಿಕೆ.

ಒಂದು ವಿಷಯ ನೇರವಾಗಿ ಹೇಳಬೇಕು. ಮೊದಲ ಸ್ಕೀಮ್ಯಾಟಿಕ್‌ನಲ್ಲಿ ವೋಲ್ಟೇಜ್ ಸೂಪರ್‌ವೈಸರ್ ಐಸಿ ಇತ್ತು. 2022ರಲ್ಲಿ ಚಿಪ್ಪುಗಳು ಸಿಗದ ಕಾಲ, ಪರ್ಚೇಸ್‌ನವರು ಇದಿಲ್ಲದೆ ಆಗಲ್ವಾ ಅಂತ ಕೇಳಿದರು. ಒತ್ತಡ ಇತ್ತು ನಿಜ, ಅದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಆದರೆ ಆರ್‌ಸಿ ಸಾಕು ಅಂತ ಸಹಿ ಹಾಕಿದ್ದು ನಾನು.

ಹೊರಗಿದ್ದ ಮಷಿನ್‌ಗಳಿಗೆ ಮೊದಲು ಫರ್ಮ್‌ವೇರ್ ಬದಲಿಸಿದೆವು. ಎಫ್‌ಪಿಜಿಎಯ DONE ಪಿನ್ ಒಮ್ಮೆ ಕೆಳಗೆ ಹೋಗಿ ಬಂದರೆ ಎಂಸಿಯು ಬೆಲ್ಟ್ ನಿಲ್ಲಿಸಿ, ಟೇಬಲ್ ಮತ್ತೆ ಕಳಿಸಿ, ಓದಿ ತಾಳೆ ನೋಡಿದ ಮೇಲೆಯೇ ಓಡಿಸುತ್ತದೆ. ನಾನು ಬೈದಿದ್ದ ಗೆಳೆಯನೇ ಅದನ್ನು ಒಂದು ಮಧ್ಯಾಹ್ನದಲ್ಲಿ ಬರೆದುಕೊಟ್ಟ. ಅವನ ಹತ್ತಿರ ಕ್ಷಮೆ ಕೇಳಿದೆ.

ಹೊಸ ಬೋರ್ಡಿನಲ್ಲಿ ಕೋರ್ ರೆಗ್ಯುಲೇಟರಿನ ಪವರ್ ಗುಡ್ ಪಿನ್ 1.8ರ ಎನೇಬಲ್‌ಗೆ, 1.8ರ ಪವರ್ ಗುಡ್ 2.5 ಮತ್ತು 3.3ಕ್ಕೆ. ಕೋರ್ ನಿಜವಾಗಿ ಏರಿದ ಮೇಲೆಯೇ ಮುಂದಿನದು ಏರಬೇಕು, ಗಡಿಯಾರ ನೋಡಿ ಅಲ್ಲ. ಆದರೆ ಮೊದಲ ಸಲ ತಂತಿ ಬೆಸೆದು ನೋಡಿದಾಗ ಇದೂ ಕೆಲವೊಮ್ಮೆ ತಪ್ಪಿತು. ಲಾಕ್‌ಔಟ್‌ನಲ್ಲಿ ಇರುವಾಗ ನಮ್ಮ ರೆಗ್ಯುಲೇಟರ್ ಪವರ್ ಗುಡ್ ಪಿನ್ನನ್ನು ಕೆಳಗೆ ಹಿಡಿಯುವುದಿಲ್ಲ. ಪುಲ್‌ಅಪ್ ಅದನ್ನು ಅದೇ 1.9ಕ್ಕೆ ಎತ್ತಿಬಿಡುತ್ತದೆ. ಅದಕ್ಕೆ ಪುಲ್‌ಅಪ್ 30 ಕಿಲೋಓಮ್ ಮಾಡಿ, ಕೆಳಗೆ ನೆಲಕ್ಕೆ 15 ಕಿಲೋಓಮ್ ಸೇರಿಸಿದೆ. 5 ಇದ್ದಾಗ ಎನೇಬಲ್ ಪಿನ್ನಿಗೆ 1.67 ಸಿಗುತ್ತದೆ, 1.9 ಇದ್ದಾಗ 0.63 ಮಾತ್ರ. ನೀವೂ ಪವರ್ ಗುಡ್ ಸರಪಳಿ ಹಾಕುವುದಾದರೆ, ಸಪ್ಲೈ ಅರ್ಧಕ್ಕೆ ಇಳಿದಾಗ ಆ ಪಿನ್ ಏನು ಮಾಡುತ್ತದೆ ಅಂತ ಡೇಟಾಶೀಟಿನಲ್ಲಿ ಹುಡುಕಿ. ಸಿಗದಿದ್ದರೆ ಬೆಂಚಿನಲ್ಲಿ ಅಳೆಯಿರಿ.

ಸೂಪರ್‌ವೈಸರ್ ವಾಪಸ್ ಬಂತು. 3.3ರ ಲೈನು 3.07ಕ್ಕಿಂತ ಕೆಳಗೆ ಹೋದರೆ ಎಂಸಿಯು ರೀಸೆಟ್ ಮತ್ತು ಎಫ್‌ಪಿಜಿಎಯ PROGRAM_B ಎರಡನ್ನೂ ಒಟ್ಟಿಗೆ ಕೆಳಗೆ ಎಳೆಯುತ್ತದೆ, ಲೈನು ಸರಿಯಾದ ಮೇಲೂ 300 ಮಿಲಿಸೆಕೆಂಡ್ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಒಂದು ಚಿಕ್ಕ ಮಾಸ್‌ಫೆಟ್ ವಾಲ್ವ್ ಡ್ರೈವರಿನ ಎನೇಬಲ್ಲನ್ನು ನೆಲಕ್ಕೆ ಹಿಡಿದಿರುತ್ತದೆ. ಇನ್ನೊಂದು, 3.3ರ ಬಕ್ ನಿಂತ ಕೂಡಲೇ 47 ಓಮ್ ರೆಸಿಸ್ಟರಿನ ಮೂಲಕ ಆ ಸಾವಿರ ಮೈಕ್ರೋಫ್ಯಾರಡ್ ಖಾಲಿ ಮಾಡುತ್ತದೆ. 3.3ರಿಂದ 0.3ಕ್ಕೆ ಬರಲು ಸುಮಾರು 110 ಮಿಲಿಸೆಕೆಂಡ್ ಸಾಕು. ರೆಸಿಸ್ಟರ್ ಮೊದಲ ಕ್ಷಣದಲ್ಲಿ ಕಾಲು ವ್ಯಾಟ್ ಹತ್ತಿರ ತಿನ್ನುತ್ತದೆ, ಅರ್ಧ ವ್ಯಾಟಿನದು ಹಾಕಿದ್ದೇನೆ.

ಈಗ ಪ್ರತಿ ಬೋರ್ಡೂ ಆ ಪಿ-ಮಾಸ್‌ಫೆಟ್ ಜಿಗ್ಗಿನ ಮೇಲೆ ಕೂತು ಹೋಗುತ್ತದೆ. 10 ಮಿಲಿಸೆಕೆಂಡಿನಿಂದ 2 ಸೆಕೆಂಡಿನವರೆಗೆ, 10ರ ಹೆಜ್ಜೆಯಲ್ಲಿ, ಒಂದೊಂದಕ್ಕೆ ಐದು ಸಲ. ಒಂದು ಬೋರ್ಡಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಪ್ರೊಡಕ್ಷನ್‌ನವರು ಅದನ್ನು ಹತ್ತು ನಿಮಿಷಕ್ಕೆ ಇಳಿಸಿ ಅಂತ ವಾರಕ್ಕೊಮ್ಮೆ ಕೇಳುತ್ತಾರೆ. 500ರ ಮೇಲಿನ ಹೆಜ್ಜೆಗಳನ್ನು ಬೇಕಾದರೆ ಬಿಡಬಹುದು ಅಂದಿದ್ದೇನೆ. 40ರಿಂದ 300ರವರೆಗಿನ ಒಂದು ಹೆಜ್ಜೆಯನ್ನೂ ಬಿಡುವುದಿಲ್ಲ.