ನಿಘಂಟಿನ ಪದ ಅಲ್ಲ, ವಿಭಕ್ತಿ ಸೇರಿದ ಪದ ಎಣಿಸಿ

ಮುಂಬಯಿಯ ಒಂದು ಕನ್ನಡ ಮಾಸಿಕಕ್ಕೆ ಬರುವ ಪದ್ಯಗಳನ್ನು ತಿದ್ದುವುದು ನನ್ನ ಕೆಲಸ. ಭಾಮಿನಿ ಷಟ್ಪದಿ ಬರೆಯುವವರು ಇಲ್ಲಿ ಇನ್ನೂ ಇದ್ದಾರೆ, ಅದರಲ್ಲೂ ಯಕ್ಷಗಾನದ ರುಚಿ ಇರುವವರು ಜಾಸ್ತಿ. ಮಾತ್ರೆ ತಪ್ಪಿದಾಗ ಎಲ್ಲರೂ ಮಾಡುವುದು ಒಂದೇ: ಅಷ್ಟೇ ಅಕ್ಷರದ ಬೇರೆ ಪದ ಹುಡುಕುವುದು. ಎಡವುವುದೂ ಅಲ್ಲೇ.

ಡೊಂಬಿವಲಿಯಿಂದ ಬಂದ ಒಂದು ಪದ್ಯ ಹೀಗೆ ಶುರುವಾಗಿತ್ತು:

ಸಮುದ್ರ ದಂಡೆಯ ಮೇಲೆ ನಿಂತೆನು
ಒಡಲ ನೋವನೆಲ್ಲ ಮರೆತೆನು

ಭಾಮಿನಿಯಲ್ಲಿ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, 3+4+3+4ರ ನಡೆ. ‘ಸಮುದ್ರ’ದಲ್ಲಿ ಅಕ್ಷರ ಮೂರೇ. ಆದರೆ ‘ದ್ರ’ ಒತ್ತಕ್ಷರ, ಅದರ ಹಿಂದಿನ ‘ಮು’ ಗುರುವಾಗಿ ಮಾತ್ರೆ ನಾಲ್ಕಾಯಿತು. ‘ಶರಧಿ’ಗೆ ಮೂರೇ ಮಾತ್ರೆ, ಆದರೂ ಹೊಂದುವುದಿಲ್ಲ. ಪ್ರತಿ ಸಾಲಿನ ಎರಡನೇ ಅಕ್ಷರ ಪ್ರಾಸಕ್ಕೆ ಸೇರಿದ್ದು, ಮುಂದೆ ‘ಒಡಲ’ದಲ್ಲಿ ‘ಡ’ ಕೂತಿದೆ. ‘ಶರಧಿ’ ಇಟ್ಟರೆ ಉಳಿದ ಐದೂ ಸಾಲಿಗೆ ‘ರ’ ಹುಡುಕಬೇಕು. ‘ಕಡಲ ದಂಡೆಯ’ ಅಂದರೆ ಮಾತ್ರೆಯೂ ಸರಿ, ಪ್ರಾಸವೂ ಸರಿ. ಸಾಲಿನ ಮೊದಲ ಪದಕ್ಕೆ ಹೀಗೆ ಆಯ್ಕೆ ಕಡಿಮೆ. ನಡುವಿನ ಪದಗಳಿಗೆ ಈ ಕಾಟ ಇಲ್ಲ.

ಎರಡನೇ ಸಾಲು ಇನ್ನೂ ಮಜಾ. ನೋವು, ಚಿಂತೆ, ದುಗುಡ, ದುಃಖ ಎಲ್ಲವೂ ಮೂರು ಮಾತ್ರೆಯವೇ. ಹಾಗಂತ ಒಂದರ ಬದಲು ಒಂದು ಹಾಕಿದರಾಯಿತು ಅನ್ನಿಸುತ್ತದೆ, ಅಲ್ವಾ? ವಿಭಕ್ತಿ ಸೇರಿಸಿ ನೋಡಿ. ‘ನೋವು’ ತನ್ನ ಉಕಾರ ಕಳೆದುಕೊಂಡು ‘ನೋವ’ ಆಗುತ್ತದೆ, ಮೂರಕ್ಕೇ ನಿಲ್ಲುತ್ತದೆ. ‘ಚಿಂತೆ’ಗೆ ಯಕಾರ ಬಂದು ‘ಚಿಂತೆಯ’, ‘ದುಗುಡ’ಕ್ಕೆ ವಕಾರ ಬಂದು ‘ದುಗುಡವ’, ಎರಡೂ ನಾಲ್ಕು. ‘ಒಡಲ ನೋವನೆಲ್ಲ ಮರೆತೆನು’ 13ಕ್ಕೆ ನಿಂತದ್ದು ಇದಕ್ಕೇ. ‘ಒಡಲ | ದುಗುಡವ | ನೆಲ್ಲ | ಮರೆತೆನು’ ಅಂದರೆ 14. ಪದ ಎರಡು ಗಣಕ್ಕೆ ಒಡೆದರೆ ತೊಂದರೆ ಇಲ್ಲ, ಷಟ್ಪದಿಯಲ್ಲಿ ಅದು ಮಾಮೂಲು.

ಫೋನ್ ಮಾಡಿದೆ. “ಶೆಟ್ರೇ, ನೋವು ಬೇಡ, ದುಗುಡ ಹಾಕುವಾ?”

“ವ್ಯಥೆ ಹಾಕಿದರೆ ಹೇಗೆ ಮಾರಾಯ್ರೆ? ಗಟ್ಟಿಯಾಗಿ ಕೇಳ್ತದೆ.”

‘ವ್ಯಥೆಗಳ’ಕ್ಕೂ ನಾಲ್ಕೇ ಮಾತ್ರೆ. ಆದರೆ ಅದು ಒತ್ತಕ್ಷರದಿಂದ ಶುರುವಾಗುತ್ತದೆ. ಹಾಡುವವರು ಒತ್ತಿ ಹೇಳಿದರೆ ಹಿಂದಿನ ‘ಒಡಲ’ದ ‘ಲ’ ಗುರುವಾಗಿ ಒಂದು ಮಾತ್ರೆ ಹೆಚ್ಚುತ್ತದೆ. ತೇಲಿಸಿ ಹೇಳಿದರೆ ಸರಿಹೋಗುತ್ತದೆ. ಓದುವವರ ಬಾಯಿ ನಂಬಿ ಅಚ್ಚಿಗೆ ಕೊಡುವುದು ನನಗಂತೂ ಇಷ್ಟವಿಲ್ಲ. ಅದಲ್ಲದೆ ‘ಕಡಲ’, ‘ಒಡಲ’ ಆದಮೇಲೆ ‘ದುಗುಡ’ದ ‘ಡ’ ಕಿವಿಗೆ ಹಿತ. ಅದನ್ನೇ ಹೇಳಿದೆ, ಒಪ್ಪಿದರು.

ಮೂರನೇ ಸಾಲಿಗೆ 23 ಮಾತ್ರೆ ಬೇಕು. ಅವರದು 22ಕ್ಕೆ ನಿಂತಿತ್ತು. ಅದನ್ನು ಅವರಿಗೇ ಬಿಟ್ಟೆ.